ಮುಖಕ್ಕೆ ಸಿಕ್ಕ ರಿಯಾಯಿತಿ

ಕಳೆದ ತಿಂಗಳು ಅಕ್ಕನ ಊರಿನಿಂದ ಹೊರಟು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತಿದ್ದೆ. ಪಕ್ಕದಲ್ಲಿ ಹೋಳಿಗೆ, ಉಪ್ಪಿನಕಾಯಿ ಮತ್ತು ಒಂದು ಡಬ್ಬಿ ತುಪ್ಪ ತುಂಬಿದ ಚೀಲ. ಶೌಚಾಲಯಕ್ಕೆ ಹೋಗಿಬರಬೇಕಾಯಿತು. ಎಡಗಡೆ ಒಬ್ಬ ಹಿರಿಯರಿದ್ದರು: ವಾರದ ಗಡ್ಡ, ಮುಂದೆ ಬಂದ ಹಲ್ಲು, ಮಾಸಿದ ಪಂಚೆ. ಬಲಗಡೆ ಒಬ್ಬ ಯುವಕ: ಇಸ್ತ್ರಿ ಮಾಡಿದ ಬಿಳಿ ಅಂಗಿ, ನೀಳ ಮೂಗು, ಟೂತ್‌ಪೇಸ್ಟ್ ಜಾಹೀರಾತಿಗೆ ಸಲ್ಲುವ ನಗು. ನಾನು ಯೋಚಿಸಲೇ ಇಲ್ಲ. ಬಲಕ್ಕೆ ತಿರುಗಿ, "ಸ್ವಲ್ಪ ಚೀಲ ನೋಡಿಕೊಳ್ಳುತ್ತೀರಾ?" ಎಂದೆ.

ಮರಳಿ ಬಂದಾಗ ಯುವಕ ಇರಲಿಲ್ಲ. ಅವನ ಬಸ್ಸು ಬಂದಿತ್ತು, ಹತ್ತಿ ಹೋಗಿದ್ದ. ಚೀಲ ಹಿರಿಯರ ಕಾಲ ಬಳಿ ಇತ್ತು, ಅದರ ಹಿಡಿಕೆಯ ಮೇಲೆ ಅವರ ಕೈ ಇತ್ತು. "ಆ ಹುಡುಗ ಹೊರಟುಹೋದ ಸ್ವಾಮಿ, ಅದಕ್ಕೇ ಈಚೆಗೆ ಎಳೆದಿಟ್ಟುಕೊಂಡೆ" ಎಂದರು. ನಾನು ಕೃತಜ್ಞತೆ ಹೇಳಿದೆ. ಹೇಳಿದ ಮೇಲೆ ಚೀಲದ ಜಿಪ್ ಎಳೆದು ತುಪ್ಪದ ಡಬ್ಬಿ ಇದೆಯೇ ಎಂದು ನೋಡಿಕೊಂಡೆ. ಯುವಕನ ವಿಷಯದಲ್ಲಿ ನನ್ನ ಮನಸ್ಸಿಗೆ ಬಂದದ್ದು ಒಂದೇ ಮಾತು: ಪಾಪ, ಏನು ಅವಸರವಿತ್ತೋ!

ದೇವಸ್ಥಾನಗಳಲ್ಲಿ ವಿಗ್ರಹದ ಹಿಂದೆ ಬಾಗಿನಿಂತ ಪ್ರಭಾವಳಿಯನ್ನು ನೋಡಿರುತ್ತೀರಿ. ಬಹಳ ಕಡೆ ಅದು ವಿಗ್ರಹದ ಜೊತೆಗೆ ಹುಟ್ಟಿದ್ದಲ್ಲ, ಬೇರೆಯೇ ತಯಾರಾದದ್ದು. ಉತ್ಸವದ ಮುನ್ನಾದಿನ ಹುಣಸೆಹಣ್ಣು ಹಾಕಿ ಉಜ್ಜಿ, ತಂದು ಹಿಂದೆ ನಿಲ್ಲಿಸುತ್ತಾರೆ. ದೇವರು ಬೇರೆ, ಪ್ರಭಾವಳಿ ಬೇರೆ ಎಂಬುದು ಉಜ್ಜುವವರಿಗೆ ಗೊತ್ತು. ಕೈಮುಗಿಯುವವರಿಗೆ ಎರಡೂ ಒಂದೇ. ನಾವೆಲ್ಲ ಇಂಥದೊಂದು ಪ್ರಭಾವಳಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಮನೆಯಿಂದ ಹೊರಡುತ್ತೇವೆ. ದಾರಿಯಲ್ಲಿ ಲಕ್ಷಣವಾದ ಮುಖವೊಂದು ಕಂಡರೆ ಸಾಕು, ಹಿಂದೆ ನಿಲ್ಲಿಸಿ ಮಂಗಳಾರತಿ ಎತ್ತುತ್ತೇವೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ ಈ ಚಾಳಿಗೆ ಹೆಚ್ಚುಕಡಿಮೆ ಇದೇ ಹೆಸರನ್ನು ಕೊಟ್ಟ. ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಇವುಗಳಿಗೆ ಬೇರೆಬೇರೆಯಾಗಿ ಅಂಕ ಕೊಟ್ಟಿದ್ದರು. ನೋಡಿದರೆ ಅಂಕಗಳು ಒಂದಕ್ಕೊಂದು ಅಂಟಿಕೊಂಡು ಬಂದಿದ್ದವು. ಎದೆ ಅಗಲವಿದ್ದವನಿಗೆ ಬುದ್ಧಿಯೂ ಅಗಲವಾಗಿತ್ತು. ಮನುಷ್ಯರಲ್ಲಿ ಈ ಗುಣಗಳು ನಿಜವಾಗಿ ಇಷ್ಟು ಜೊತೆಜೊತೆಯಾಗಿ ಇರುವುದಿಲ್ಲ, ಅಂಟು ಇರುವುದು ಅಂಕ ಕೊಡುವವರ ಕೈಯಲ್ಲಿ ಎಂದು ಥಾರ್ನ್‌ಡೈಕ್ ಬರೆದ. "ಯತ್ರಾಕೃತಿಸ್ತತ್ರ ಗುಣಾ ವಸಂತಿ" ಎಂದು, ಅಂದರೆ ರೂಪ ಎಲ್ಲಿದೆಯೋ ಅಲ್ಲಿ ಗುಣವೂ ಮನೆ ಮಾಡಿರುತ್ತದೆ ಎಂದು, ನಮ್ಮ ಹಿರಿಯರು ಮದುವೆ ಮನೆಗಳಲ್ಲಿ ಹೇಳುತ್ತಲೇ ಬಂದಿದ್ದರು. ಅದನ್ನು ದೋಷವೆಂದು ಕರೆಯಲು ಒಬ್ಬ ಪರದೇಶಿ ಬರಬೇಕಾಯಿತು.

ಮದುವೆಯ ಮಾತು ಬಂತು. 1972ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ 60 ವಿದ್ಯಾರ್ಥಿಗಳ ಕೈಗೆ ಮೂರು ಮೂರು ಲಕೋಟೆ ಕೊಟ್ಟರು. ಒಂದರಲ್ಲಿ ಚೆಲುವಾದ ಮುಖದ ಚಿತ್ರ, ಒಂದರಲ್ಲಿ ಸಾಧಾರಣ ಮುಖದ್ದು, ಇನ್ನೊಂದರಲ್ಲಿ ಅಷ್ಟೇನೂ ಚೆನ್ನಾಗಿಲ್ಲದ್ದು. ಗುರುತುಪರಿಚಯ ಏನೂ ಇಲ್ಲ. ಇವರು ಎಂಥ ಮನುಷ್ಯರು, ಮುಂದೆ ಇವರ ಬಾಳು ಹೇಗಿರುತ್ತದೆ, ಹೇಳಿ ಎಂದರು. ನಮ್ಮಲ್ಲಿಯಾದರೆ ಇಂಥ ಪ್ರಶ್ನೆಗೆ ಜೋಯಿಸರು ಜಾತಕವನ್ನಾದರೂ ಕೇಳುತ್ತಾರೆ. ಈ ವಿದ್ಯಾರ್ಥಿಗಳು ಅದನ್ನೂ ಕೇಳಲಿಲ್ಲ. ಚೆಲುವರ ಸ್ವಭಾವ ಒಳ್ಳೆಯದು, ಅವರಿಗೆ ಒಳ್ಳೆಯ ಉದ್ಯೋಗ, ಸುಖದ ದಾಂಪತ್ಯ ಎಂದು ಫಲ ಬರೆದುಕೊಟ್ಟರು. ಒಂದು ಕಡೆ ಮಾತ್ರ ಕೈ ಬಿಗಿ ಹಿಡಿದರು: ಚೆಲುವರು ಉಳಿದವರಿಗಿಂತ ಒಳ್ಳೆಯ ತಂದೆತಾಯಿ ಆಗುತ್ತಾರೆ ಎಂದು ಅವರಿಗೆ ಅನ್ನಿಸಲಿಲ್ಲ. ಕನ್ನಡಿ ಬಿಟ್ಟು ತೊಟ್ಟಿಲ ಬಳಿ ಬರುವುದಿಲ್ಲ ಎಂದುಕೊಂಡರೋ ಏನೋ.

ಇದೆಲ್ಲ ಕಾಗದದ ಮೇಲಿನ ಆಟವೆಂದು ಬಿಡಬಹುದಿತ್ತು. ಆದರೆ 2014ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯದ ಸ್ಟಾಕ್ಟನ್ ನಗರದ ಪೊಲೀಸರು, ಅಕ್ರಮ ಬಂದೂಕಿನ ಪ್ರಕರಣದಲ್ಲಿ ಹಿಡಿದ ಜೆರೆಮಿ ಮೀಕ್ಸ್ ಎಂಬವನ ಚಿತ್ರವನ್ನು ತಮ್ಮ ಫೇಸ್‌ಬುಕ್ ಪುಟದಲ್ಲಿ ಹಾಕಿದರು. ಜನ ಎಚ್ಚರಿಕೆಯಿಂದ ಇರಲಿ ಎಂಬುದು ಅವರ ಉದ್ದೇಶ. ಹಳೆಯ ಅಪರಾಧವೊಂದಕ್ಕೆ ಅವನು ಆಗಲೇ ಜೈಲು ಕಂಡವನು. ಆದರೆ ಆ ಚಿತ್ರದಲ್ಲಿ ನೀಲಿ ಕಣ್ಣುಗಳಿದ್ದವು, ಉಳಿಯಿಂದ ಕಡೆದಂಥ ದವಡೆ ಇತ್ತು, ಕಣ್ಣಿನ ಕೆಳಗೆ ಹಚ್ಚೆಯ ಹನಿಯೂ ಇತ್ತು. ಒಂದು ಲಕ್ಷಕ್ಕೂ ಹೆಚ್ಚು ಜನ ಅದನ್ನು ಮೆಚ್ಚಿ ಒತ್ತಿದರು. ನಾಗರಿಕರ ಎಚ್ಚರಿಕೆ ಹೋಗಿ ನಾಗರಿಕರ ನಿಟ್ಟುಸಿರು ಬಂತು. ಕಳ್ಳರ ಪಟ್ಟಿಯನ್ನು ಠಾಣೆಯ ಗೋಡೆಗೆ ಅಂಟಿಸಿದರೆ ಊರಿನವರು ಬಂದು ವರಾನ್ವೇಷಣೆ ಮಾಡಿದಂತಾಯಿತು.

ನ್ಯಾಯಾಲಯ ಮೆಚ್ಚುಗೆಗಳನ್ನು ಎಣಿಸಲಿಲ್ಲ, 27 ತಿಂಗಳ ಸೆರೆವಾಸ ವಿಧಿಸಿತು. ಅವನು 2016ರಲ್ಲಿ ಹೊರಗೆ ಬಂದ. 2017ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಫ್ಯಾಷನ್ ಪ್ರದರ್ಶನದ ವೇದಿಕೆಯ ಮೇಲೆ ನಡೆದ. ದುಡಿದು ತಿನ್ನಲು ದಾರಿ ಸಿಕ್ಕಿತಲ್ಲ, ಅದರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. (ಸ್ವಲ್ಪ ಇದೆ.) ನನ್ನ ಕುತೂಹಲವೆಲ್ಲ ಅದೇ ಜೈಲಿನಲ್ಲಿ, ಅಂಥದೇ ತಪ್ಪಿಗೆ, ಬೋಂಡದಂಥ ಮೂಗು ಹೊತ್ತು ಕುಳಿತವನ ಬಗ್ಗೆ. ಅವನ ಚಿತ್ರವನ್ನೂ ಪೊಲೀಸರೇ ತೆಗೆದಿರುತ್ತಾರೆ. ಬಿಡುಗಡೆಯ ದಿನ ಅವನನ್ನು ಕರೆದೊಯ್ಯಲು ಬರುವುದು ಅವನ ತಾಯಿ, ಅದೂ ಬಂದರೆ.

ಈ ಮೂಗಿನ ಬೆಲೆ ಎಷ್ಟು ಎಂದು ಹೆರಾಲ್ಡ್ ಸಿಗಾಲ್ ಮತ್ತು ನ್ಯಾನ್ಸಿ ಆಸ್ಟ್ರೋವ್ 1975ರಲ್ಲೇ ಲೆಕ್ಕ ಹಾಕಿಟ್ಟಿದ್ದಾರೆ. 120 ವಿದ್ಯಾರ್ಥಿಗಳನ್ನು ನ್ಯಾಯಾಧೀಶರ ಕುರ್ಚಿಯಲ್ಲಿ ಕೂರಿಸಿ, ಕಲ್ಪಿತ ಪ್ರಕರಣವೊಂದನ್ನು ಮುಂದಿಟ್ಟರು. ಆರೋಪಿ ಒಬ್ಬ ಹೆಂಗಸು. ಕೆಲವರು ಓದಿದ ಕಥೆಯಲ್ಲಿ ಅವಳು ನೆರೆಮನೆಗೆ ನುಗ್ಗಿ 2,200 ಡಾಲರ್ ಬೆಲೆಯ ಹಣ ಮತ್ತು ಸಾಮಾನು ಕದ್ದಿದ್ದಾಳೆ. ಉಳಿದವರ ಕಥೆಯಲ್ಲಿ ನಡುವಯಸ್ಸಿನ ಬ್ರಹ್ಮಚಾರಿಯೊಬ್ಬನನ್ನು ಒಲಿಸಿಕೊಂಡು, ಇಲ್ಲದ ಕಂಪನಿಗೆ ಅಷ್ಟೇ ಹಣ ಹೂಡಿಸಿದ್ದಾಳೆ. ಕೆಲವರ ಕಡತದಲ್ಲಿ ಚೆಲುವೆಯ ಚಿತ್ರ, ಕೆಲವರ ಕಡತದಲ್ಲಿ ಚೆಲುವಿಲ್ಲದವಳದ್ದು, ಕೆಲವರಿಗೆ ಚಿತ್ರವೇ ಇಲ್ಲ. 1 ವರ್ಷದಿಂದ 15 ವರ್ಷದವರೆಗೆ ಎಷ್ಟು ಬೇಕಾದರೂ ಶಿಕ್ಷೆ ಕೊಡಬಹುದು.

ಕಳ್ಳತನಕ್ಕೆ ಚೆಲುವಿಲ್ಲದವಳಿಗೆ ಸರಾಸರಿ 5.2 ವರ್ಷ ಬಿತ್ತು. ಚಿತ್ರವಿಲ್ಲದವಳಿಗೂ ಹೆಚ್ಚುಕಡಿಮೆ ಅಷ್ಟೇ. ಚೆಲುವೆಗೆ 2.8 ವರ್ಷ. ಮನೆ ಅದೇ, ಬೀಗ ಅದೇ, ಮಾಲು ಅದೇ. ದೀಪಾವಳಿಯಲ್ಲಿ ಬಟ್ಟೆ ಅಂಗಡಿಯವರೂ ಇಷ್ಟು ರಿಯಾಯಿತಿ ಕೊಡುವುದಿಲ್ಲ.

ವಂಚನೆಯ ಕಡತ ತೆರೆದಾಗ ಮಾತ್ರ ಲೆಕ್ಕ ತಿರುಗಿತು. ಅಲ್ಲಿ ಚೆಲುವೆಗೆ ಸುಮಾರು ಐದೂವರೆ ವರ್ಷ, ಉಳಿದವರಿಗೆ ನಾಲ್ಕು ವರ್ಷ ನಾಲ್ಕು ತಿಂಗಳು. ರಿಯಾಯಿತಿ ರದ್ದಾಯಿತು, ಮೇಲೊಂದಿಷ್ಟು ದಂಡವೂ ಬಿದ್ದಂತೆ ಕಂಡಿತು. ದೇವರು ಕೊಟ್ಟ ರೂಪವನ್ನೇ ಕನ್ನಗತ್ತರಿ ಮಾಡಿಕೊಂಡಳಲ್ಲ ಎಂಬ ಸಿಟ್ಟು ಇರಬೇಕು. ಕನ್ನ ಹಾಕಿದವಳ ರೂಪ ಅವಳ ಮೇಲಿನ ಕರುಣೆಗೆ ಕಾರಣ, ವಂಚಿಸಿದವಳ ರೂಪ ಅಪರಾಧದ ಆಯುಧ. ಹಾಗಾದರೆ ಜನರಿಗೆ ಮುಖದ ಆಟ ಗೊತ್ತಾಗುತ್ತದೆ ಎಂದಾಯಿತಲ್ಲ ಎಂದು ನೀವು ಸಮಾಧಾನ ಪಡಬಹುದು. ಗೊತ್ತಾಗುತ್ತದೆ, ಆದರೆ ಅದು ಆರೋಪಪಟ್ಟಿಯಲ್ಲಿ ಬರೆದಿದ್ದಾಗ. ಕಟಕಟೆಗೆ ಬರುವ ಮೊದಲು, ಹಣ ಕೈದಾಟುವ ಹೊತ್ತಿಗೆ, ಆರೋಪಪಟ್ಟಿಯನ್ನು ಹಿಡಿದು ಪಕ್ಕದಲ್ಲಿ ಯಾರೂ ನಿಂತಿರುವುದಿಲ್ಲ. ಆಗ ಆ ಬ್ರಹ್ಮಚಾರಿಯ ಕಣ್ಣಿಗೂ ಕಂಡದ್ದು ಪ್ರಭಾವಳಿಯೇ.

ನಮ್ಮ ಕಾಲದ ವಂಚಕರಂತೂ ಚೆಲುವನ್ನು ಹೆತ್ತವರಿಂದ ಪಡೆದುಕೊಂಡು ಬರಬೇಕಾಗಿಯೂ ಇಲ್ಲ, ಎರವಲು ತಂದರೆ ಸಾಕು. ವೈವಾಹಿಕ ಜಾಲತಾಣದಲ್ಲಿ ವಿದೇಶದ ವೈದ್ಯನೊಬ್ಬನ ಚಿತ್ರ ಇರುತ್ತದೆ. ಚಿತ್ರ ಯಾರದೋ, ಮಾತು ಇನ್ಯಾರದೋ. ಎರಡು ತಿಂಗಳು ಕುಶಲೋಪರಿ ನಡೆಯುತ್ತದೆ. ವಿಡಿಯೊ ಕರೆ ಮಾಡೋಣವೆಂದರೆ ಪ್ರತಿ ಸಲವೂ ಕ್ಯಾಮೆರಾ ಕೆಟ್ಟಿರುತ್ತದೆ. ಆಮೇಲೊಂದು ದಿನ ಅವನು ಕಳುಹಿಸಿದ ಉಡುಗೊರೆ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳುತ್ತದೆ, ಬಿಡಿಸಿಕೊಳ್ಳಲು ಇಂತಿಷ್ಟು ಸಾವಿರ ಕಟ್ಟಿ ಎಂದು "ಅಧಿಕಾರಿ"ಯ ಕರೆ ಬರುತ್ತದೆ. ಆ ಚಿತ್ರವನ್ನು ಅಂತರ್ಜಾಲದ ಚಿತ್ರಶೋಧಕ್ಕೆ ಹಾಕಿದರೆ ಬಹಳ ಸಲ ಅದೇ ವೈದ್ಯ ಬೇರೆ ಹೆಸರಿನಲ್ಲಿ ಎಲ್ಲೋ ಅಂಗಿ ಮಾರುತ್ತಿರುತ್ತಾನೆ. ಅರ್ಧ ನಿಮಿಷದ ಕೆಲಸ. ಆದರೆ ಅಂಥ ಮುಖವನ್ನು ಅನುಮಾನಿಸುವುದು ನಮಗೆ ಅಸಭ್ಯತನವೆನ್ನಿಸುತ್ತದೆ. ತರಕಾರಿ ಮಾರುವ ಅಜ್ಜಿಯ ತಕ್ಕಡಿಯನ್ನು ಬಗ್ಗಿ ನೋಡುವಾಗ ಆ ಸಭ್ಯತೆ ಎಲ್ಲಿ ಅಡಗಿರುತ್ತದೋ ತಿಳಿಯದು.

ಒಂದು ಮಾತು ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು. 1991ರಲ್ಲಿ ಇಂಥ ಹತ್ತಾರು ಅಧ್ಯಯನಗಳನ್ನು ಒಟ್ಟುಹಾಕಿ ತೂಗಿದಾಗ, ಚೆಲುವರು ಬೆರೆಯುವವರು, ಮಾತುಬಲ್ಲವರು ಎಂಬ ಊಹೆಯೇ ಎಲ್ಲಕ್ಕಿಂತ ಗಟ್ಟಿಯಾಗಿತ್ತು. ಬುದ್ಧಿವಂತರು ಎಂಬುದು ನಡುಮಟ್ಟದಲ್ಲಿತ್ತು. ಪ್ರಾಮಾಣಿಕರು, ಪರರ ಕಷ್ಟಕ್ಕೆ ಮರುಗುವವರು ಎಂಬುದು ಬಹಳ ತೆಳುವಾಗಿತ್ತು. ಕೇಳಿದರೆ ಜನ ಇಷ್ಟು ವಿವೇಕದಿಂದ ಉತ್ತರಿಸುತ್ತಾರೆ. ತೊಂದರೆಯೆಂದರೆ ಚೀಲ ಒಪ್ಪಿಸುವ ಮೊದಲು ನಮ್ಮನ್ನು ಯಾರೂ ಕೇಳುವುದಿಲ್ಲ.

ನಮ್ಮನ್ನು ನಾವೇ ಕೇಳಿಕೊಂಡರೆ? ಅದೂ ನಡೆಯದು. 1977ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ನಿಸ್ಬೆಟ್ ಮತ್ತು ವಿಲ್ಸನ್ ಒಂದು ಪ್ರಯೋಗ ಮಾಡಿದರು. ಅದರಲ್ಲಿ ಪ್ರಭಾವಳಿ ತಿರುವುಮುರುವಾಗಿ ಕೆಲಸ ಮಾಡಿತು. ಬೆಲ್ಜಿಯಂ ಮೂಲದ ಒಬ್ಬನೇ ಮೇಷ್ಟರ ಎರಡು ವಿಡಿಯೊ: ಒಂದರಲ್ಲಿ ಅಕ್ಕರೆಯಿಂದ ಮಾತಾಡುತ್ತಾನೆ, ಇನ್ನೊಂದರಲ್ಲಿ ಸಿಡುಕುತ್ತಾನೆ. ಮುಖ, ಉಚ್ಚಾರಣೆ, ಹಾವಭಾವ ಎರಡರಲ್ಲೂ ಅವನವೇ. ಅಕ್ಕರೆಯವನನ್ನು ನೋಡಿದವರಿಗೆ ಅವನ ರೂಪ ಹಿಡಿಸಿತು, ಉಚ್ಚಾರಣೆ ಇಂಪಾಗಿ ಕೇಳಿಸಿತು. ಸಿಡುಕನನ್ನು ನೋಡಿದವರಿಗೆ ಅದೇ ಉಚ್ಚಾರಣೆ ಕಿರಿಕಿರಿ ಎನ್ನಿಸಿತು. ಅವನು ಹಿಡಿಸಲಿಲ್ಲವೆಂದು ಹೀಗೆ ಹೇಳುತ್ತಿದ್ದೀರಾ ಎಂದರೆ, ಇಲ್ಲವೇ ಇಲ್ಲ ಎಂದರು. ಸಿಡುಕನನ್ನು ನೋಡಿದವರು ಇನ್ನೂ ಮುಂದೆ ಹೋಗಿ, ಆ ಉಚ್ಚಾರಣೆಯಿಂದಲೇ ಅವನು ತಮಗೆ ಬೇಡವಾದದ್ದು ಎಂದು ಕಾರಣಕಾರ್ಯವನ್ನೇ ಅದಲುಬದಲು ಮಾಡಿದರು. ನಾನೂ ಆ ಹಿರಿಯರ ಮುಂದೆ ಜಿಪ್ ಎಳೆದದ್ದು ತುಪ್ಪ ಸೋರುತ್ತಿದೆಯೇ ಎಂದು ನೋಡಲು. ಬೇಕಾದರೆ ಆಣೆ ಮಾಡುತ್ತೇನೆ.

ಈ ಬರಹದ ಜೊತೆಗೆ ಹಾಕಲು ಒಂದು ಭಾವಚಿತ್ರ ಬೇಕೆಂದು ಸಂಪಾದಕರು ಕೇಳಿದ್ದಾರೆ. ಅದಕ್ಕೂ ಒಂದು ಅಧ್ಯಯನವಿದೆ. 1974ರಲ್ಲಿ ಲ್ಯಾಂಡಿ ಮತ್ತು ಅದೇ ಸಿಗಾಲ್ ಸೇರಿ, ಒಂದು ಒಳ್ಳೆಯ ಪ್ರಬಂಧವನ್ನೂ ಒಂದು ಕಳಪೆ ಪ್ರಬಂಧವನ್ನೂ ಓದುಗರಿಗೆ ಕೊಟ್ಟು, ಬರೆದವಳೆಂದು ಬೇರೆಬೇರೆ ಚಿತ್ರಗಳನ್ನು ಲಗತ್ತಿಸಿದ್ದರು. ಚೆಲುವೆಯ ಚಿತ್ರವಿದ್ದಾಗ ಅಂಕಗಳು ಏರಿದವು. ಒಳ್ಳೆಯ ಪ್ರಬಂಧಕ್ಕೆ ಅದರಿಂದ ಆದ ಲಾಭ ಅಷ್ಟಕ್ಕಷ್ಟೆ, ಕಳಪೆ ಪ್ರಬಂಧಕ್ಕೆ ಮಾತ್ರ ಬಹಳ. ಇಲ್ಲಿಯವರೆಗೆ ಬರೆದದ್ದನ್ನು ಮತ್ತೊಮ್ಮೆ ಓದಿ ನೋಡಿದೆ. ನೋಡಿ, ಟ್ರಂಕಿನ ತಳದಿಂದ ಇಪ್ಪತ್ತಾರನೆಯ ವಯಸ್ಸಿನ ಚಿತ್ರವನ್ನು ಹುಡುಕಿ ತೆಗೆದು ಕಳುಹಿಸಿದ್ದೇನೆ.