ಇವತ್ತಿನ ದತ್ತಾಂಶ ಧಾರಣೆ ಎಷ್ಟು?

ಮಾಟುಂಗಾದ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ನನ್ನ ಪರಿಚಿತರು ಪುತ್ತೂರಿನ ಕಡೆಯವರು. ಊರಿನಲ್ಲಿ ಅವರಿಗೆ ಅಡಿಕೆ ತೋಟವಿದೆ. ಸಾಲ ಕೊಡುವ ಕಂಪನಿಯೊಂದು ತನ್ನ ಗೌಪ್ಯತಾ ನೀತಿಯನ್ನು ಕನ್ನಡಕ್ಕೆ ತರಿಸಿ, ಅದನ್ನು ಮುಂಬೈಯ ಕನ್ನಡಿಗ ಗ್ರಾಹಕರಿಗೆ ವಿವರಿಸುವ ಪುಣ್ಯಕಾರ್ಯಕ್ಕೆ ನನ್ನನ್ನು ನೇಮಿಸಿದಾಗ, ಮೊದಲು ಅದರ ಪ್ರತಿಯನ್ನು ಹಿಡಿದುಕೊಂಡು ಹೋದದ್ದು ಅವರ ಬಳಿಗೆ. ಅವರು ‘ದತ್ತಾಂಶ ಧಾರಣೆ’ ಎಂಬ ತಲೆಬರಹವನ್ನು ಓದಿ, ಕನ್ನಡಕವನ್ನು ಮೇಲೇರಿಸಿ, “ಇವತ್ತು ಎಷ್ಟು ನಡೆದಿದೆ ಮಾರಾಯ್ರೆ?” ಎಂದು ಕೇಳಿದರು.

ಧಾರಣೆ ಎಂದರೆ ಅಡಿಕೆಗೆ ಪೇಟೆಯಲ್ಲಿ ಸಿಗುವ ದರ ಎಂದೇ ಅವರು ಹುಟ್ಟಿದಂದಿನಿಂದ ತಿಳಿದಿದ್ದಾರೆ. ಮಾಹಿತಿಯನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತೇವೆ ಎಂಬುದನ್ನು ಹೇಳಲು ಕಂಪನಿಯ ಪದಕೋಶ ಆ ಪದವನ್ನು ಆರಿಸಿದೆ ಎಂದು ನಾನು ಎಷ್ಟು ವಿವರಿಸಿದರೂ, ತಮ್ಮ ಅರ್ಥವೇ ಕಂಪನಿಯ ವ್ಯವಹಾರಕ್ಕೆ ಹೆಚ್ಚು ಹೊಂದುತ್ತದೆ ಎಂದು ಅವರು ವಾದಿಸಿದರು. ನನಗೂ ಉತ್ತರ ಹೊಳೆಯಲಿಲ್ಲ.

ಮುಂದಿನ ಪುಟದಲ್ಲಿ ಕಂಪನಿ ‘ದತ್ತಾಂಶ ನಿಯಂತ್ರಕ’ನಾಗಿ ಅವತರಿಸಿತ್ತು. ಇದು ಯುರೋಪಿನ ಕಾನೂನಿನ ‘ಕಂಟ್ರೋಲರ್’. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಆ ಸ್ಥಾನಕ್ಕಿರುವ ಹೆಸರು ‘ಡೇಟಾ ಫಿಡ್ಯೂಷಿಯರಿ’, ಅಂದರೆ ನಂಬಿ ಒಪ್ಪಿಸಿದ್ದಕ್ಕೆ ಹೊಣೆಯಾಗುವವನು. ಮಾಹಿತಿ ಯಾರದೋ ಆ ವ್ಯಕ್ತಿ ‘ಡೇಟಾ ಪ್ರಿನ್ಸಿಪಲ್’. ಎರವಲು ತಂದ ಮಾದರಿಯಲ್ಲಿ ನಮ್ಮ ಕಾಯ್ದೆಯ ಪದಗಳನ್ನು ಅಲ್ಲಲ್ಲಿ ತೇಪೆ ಹಾಕಿದ್ದ ಪುಣ್ಯಾತ್ಮರು ಇದನ್ನು ‘ದತ್ತಾಂಶ ಪ್ರಾಂಶುಪಾಲ’ ಎಂದು ಮಾಡಿದ್ದರಿಂದ, ಎಂಟನೆಯ ತರಗತಿಗೆ ಶಾಲೆ ಬಿಟ್ಟ ನನ್ನ ಪರಿಚಿತರು ಏಕಾಏಕಿ ಕಾಲೇಜಿನ ಮುಖ್ಯಸ್ಥರಾದರು. ನಾನು ‘ಮಾಹಿತಿಯ ಹೊಣೆಗಾರ’, ‘ಮಾಹಿತಿಯ ಧನಿ’ ಎಂದು ತಿದ್ದಿ ಕಳುಹಿಸಿದೆ. ಕಂಪನಿಯನ್ನು ಹೊಣೆಗಾರನೆಂದು ಕರೆಯುವುದು ಬ್ರ್ಯಾಂಡಿನ ಘನತೆಗೆ ತಕ್ಕುದಲ್ಲವೆಂಬ ಟಿಪ್ಪಣಿಯೊಡನೆ ಅದು ಹಿಂದಿರುಗಿತು.

ಒಪ್ಪಿಗೆಯ ವಿಷಯದಲ್ಲಿ ಕಂಪನಿ ಬಹಳ ಉದಾರಿ: ನಮಗೆ ಶ್ರಮವಾಗದಿರಲೆಂದು ಚೌಕದಲ್ಲಿ ತಾನೇ ಸರಿ ಗುರುತು ಹಾಕಿಟ್ಟಿತ್ತು. ಒಪ್ಪಿಗೆಯು ಗ್ರಾಹಕ ತಾನಾಗಿ, ತಿಳಿದು, ಇಂಥದೇ ಉದ್ದೇಶಕ್ಕೆಂದು, ಸ್ಪಷ್ಟವಾದ ಕ್ರಿಯೆಯಿಂದ ಕೊಟ್ಟದ್ದಾಗಿರಬೇಕು ಎನ್ನುತ್ತದೆ ಕಾಯ್ದೆ. ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆಯಲು ಆಗಬೇಕೆಂದೂ ಹೇಳುತ್ತದೆ. ಇಲ್ಲಿ ಹಿಂತೆಗೆಯಬೇಕಾದರೆ ಕಾರಣ ಸಹಿತ ಇಂಗ್ಲಿಷಿನಲ್ಲಿ ಪತ್ರ ಬರೆದು ಅಂಚೆಯಲ್ಲಿ ಕಳುಹಿಸಬೇಕಾಗಿತ್ತು. ಒಪ್ಪಿಗೆ ಕೋರುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಗ್ರಾಹಕನಿಗೆ ಇರಬೇಕು. ಹೊರಬರುವ ದಾರಿಯೂ ಅದೇ ಭಾಷೆಯಲ್ಲಿ ಇದ್ದರೆ ಚೆನ್ನ ಎಂದಾಗ, ಮುಖ್ಯ ನಿಯಮಗಳು ಜಾರಿಗೆ ಬರುವುದು 2027ರ ಮೇ ತಿಂಗಳಿನಲ್ಲಲ್ಲವೇ ಎಂದು ಅಧಿಕಾರಿಯೊಬ್ಬರು ನನ್ನನ್ನು ಸಮಾಧಾನಪಡಿಸಿದರು.

ಆದರೆ ನನ್ನ ಪರಿಚಿತರ ಮನಸ್ಸು ಧಾರಣೆಯನ್ನು ಬಿಟ್ಟು ಕದಲಲಿಲ್ಲ. ಅವರು ಫ್ರಿಜ್ಜಿಗೆಂದು ಇದೇ ಕಂಪನಿಯಿಂದ ತೆಗೆದುಕೊಂಡಿದ್ದ ಸಾಲವನ್ನು 2024ರ ಮಾರ್ಚಿನಲ್ಲಿ ತೀರಿಸಿ, ಖಾತೆಯನ್ನೂ ಮುಚ್ಚಿಸಿ, ಆ್ಯಪನ್ನು ಅಳಿಸಿಹಾಕಿದ್ದರು. ನೀತಿಯಲ್ಲಿ ‘ಅಗತ್ಯವಿರುವಷ್ಟು ಕಾಲ’ ಎಂದಿತ್ತು. “ಯಾರ ಅಗತ್ಯ?” ಎಂದು ಅವರು ಕೇಳಿದ್ದಕ್ಕೆ ನಾನು ಹೋಟೆಲಿನ ಬಿಲ್ಲಿನ ಹಿಂಬದಿಯಲ್ಲಿಯೇ ಲೆಕ್ಕ ಬರೆದೆ. ಗುರುತಿನ ಪತ್ರಗಳ ಪ್ರತಿಗಳನ್ನು ಹಣದ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಪ್ರಕಾರ ಖಾತೆ ಮುಚ್ಚಿದ ಮೇಲೆ ಐದು ವರ್ಷ, ಅಂದರೆ 2029ರ ಮಾರ್ಚಿನವರೆಗೆ, ಇಟ್ಟುಕೊಳ್ಳಲೇಬೇಕು. ಅದನ್ನು ಅಳಿಸಿರೆಂದರೂ ಕಂಪನಿ ಅಳಿಸುವಂತಿಲ್ಲ. ಆದರೆ ಹೊಸ ಸಾಲದ ಜಾಹೀರಾತು ಕಳುಹಿಸಲೆಂದು ಬಳಸುವ ಅವರ ಅಭಿರುಚಿ, ಖರೀದಿಗಳ ಪಟ್ಟಿಗೆ ಅಂಥ ಐದು ವರ್ಷಗಳ ಆಸರೆಯಿಲ್ಲ. ಒಪ್ಪಿಗೆ ಹಿಂತೆಗೆದ ಮೇಲೆ, ಕಾನೂನೇ ಇಟ್ಟುಕೊಳ್ಳಿರೆಂದಿರದ ಹೊರತು, ಅದು ಅಳಿಯಬೇಕು. ಕಂಪನಿ ಅದನ್ನು ಕೆಲಸಕ್ಕೆ ಒಪ್ಪಿಸಿದ್ದವರ ಬಳಿಯಲ್ಲಿಯೂ ಅಳಿಯುವಂತೆ ನೋಡಿಕೊಳ್ಳಬೇಕು. ನೀತಿಯಲ್ಲಿ ಹೀಗೆ ಒಪ್ಪಿಸಿಕೊಂಡವರಿಗೆ ‘ದತ್ತಾಂಶ ಸಂಸ್ಕಾರಕರು’ ಎಂದು ಹೆಸರು. ಸಂಸ್ಕಾರವೇನೋ ಬಗೆಬಗೆಯಾಗಿ ನಡೆಯುತ್ತಿತ್ತು. ಅಂತ್ಯಸಂಸ್ಕಾರವೊಂದನ್ನು ಮಾತ್ರ ಯಾರೂ ವಹಿಸಿಕೊಂಡಿರಲಿಲ್ಲ.

ಬಿಲ್ಲಿನ ಹಿಂಬದಿಯ ಆ ಲೆಕ್ಕವನ್ನು, ವರ್ಷಗಳ ಸಮೇತ, ಹಾಗೆಯೇ ನೀತಿಯಲ್ಲಿ ಸೇರಿಸಿರೆಂದು ಕೇಳಿಕೊಂಡೆ. ಇಂಗ್ಲಿಷ್ ಮೂಲದಲ್ಲಿ ಇಲ್ಲದ ಸ್ಪಷ್ಟತೆ ಅನುವಾದದಲ್ಲಿ ಬರಬಾರದು ಎಂಬ ಉತ್ತರ ಬಂದಿತು. ಧಾರಣೆಯೂ ಪ್ರಾಂಶುಪಾಲರೂ ತಮ್ಮ ತಮ್ಮ ಸ್ಥಾನಗಳಲ್ಲಿ ಉಳಿದರು. ಮರುವಾರ ನನ್ನ ಪರಿಚಿತರು ಗಲ್ಲಾಪೆಟ್ಟಿಗೆಯ ಮೇಲಿನಿಂದಲೇ ಮೊಬೈಲನ್ನು ನನ್ನತ್ತ ಚಾಚಿದರು. ಅದೇ ಕಂಪನಿಯ ಸಂದೇಶ: “ಅಣ್ಣಾ, ಫ್ರಿಜ್ ಆಯ್ತು, ವಾಷಿಂಗ್ ಮಷೀನ್ ಬೇಡವೇ? ಎರಡೇ ನಿಮಿಷದಲ್ಲಿ ಸಾಲ!” ಒಂದು ತಪ್ಪೂ ಇಲ್ಲದ ಕನ್ನಡವಾಗಿತ್ತು.