ಸ್ಕೆಚ್ ನೋಡಿ "ಇವನೇ" ಅನ್ನುವ ಮುಂಚೆ

ಮೊನ್ನೆ ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಪೊಲೀಸ್ ರೇಖಾಚಿತ್ರವೊಂದು ಬಂತು. ಹತ್ತು ನಿಮಿಷದೊಳಗೆ ಮೂವರು ಮೂರು ಬೇರೆ ಬೇರೆ ಹುಡುಗರ ಹೆಸರು ಹೇಳಿದರು. ನನಗೆ ಭಯವೇ ಆಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಫೋಟೋ ತೆಗೆಯುವಾಗ ಕ್ಯಾಮೆರಾ ಎದುರಿಗಿದ್ದದ್ದನ್ನೆಲ್ಲ ಹಿಡಿಯುತ್ತದೆ, ಯಾರೂ ಗಮನಿಸದ ಮಚ್ಚೆಯನ್ನೂ. ಸ್ಕೆಚ್ ಹಾಗಲ್ಲ. ಅದು ಒಬ್ಬರ ನೆನಪು ಮಾತಾಗಿ, ಆ ಮಾತು ಇನ್ನೊಬ್ಬರ ಕೈಯಲ್ಲಿ ಗೆರೆಯಾಗಿ ಬಂದದ್ದು. ಕೋಲು ಮುಖ, ಮೊಂಡು ಮೂಗು, ದಪ್ಪ ಹುಬ್ಬು ಅಂತ ಹೇಳಬಹುದು. ಆದರೆ ಎರಡು ಕಣ್ಣುಗಳ ನಡುವಿನ ಅಂತರ, ಮೂಗಿಗೂ ತುಟಿಗೂ ಇರುವ ಜಾಗ, ಇವುಗಳಿಗೆ ನಮ್ಮ ಹತ್ತಿರ ಮಾತೇ ಇಲ್ಲ. ಮುಖವನ್ನು ಆ ಒಬ್ಬನ ಮುಖ ಮಾಡುವುದು ಅದೇ ಅಲ್ವಾ? ಅದೂ ಅಲ್ಲದೆ, ಗುರುತಿಲ್ಲದವರನ್ನು ಒಮ್ಮೆ ನೋಡಿದಾಗ ನಮಗೆ ಜಾಸ್ತಿ ನೆನಪುಳಿಯುವುದು ಕೂದಲು, ಮುಖದ ಆಕಾರ. ಅವು ಊರಲ್ಲಿ ನೂರು ಜನಕ್ಕೆ ಹೊಂದುತ್ತವೆ. ಸಾಕ್ಷಿಗೆ ನೆನಪಿಲ್ಲ ಅಂತ ಮೂಗಿನ ಜಾಗ ಖಾಲಿ ಬಿಡಲು ಆಗುವುದಿಲ್ಲ, ಅಲ್ಲಿ ಯಾವುದೋ ಒಂದು ಸಾಮಾನ್ಯ ಮೂಗು ಬಂದು ಕೂರುತ್ತದೆ.

1995ರ ಏಪ್ರಿಲ್ 19ರಂದು ಅಮೆರಿಕದ ಓಕ್ಲಹೋಮ ಸಿಟಿಯಲ್ಲಿ ಬಾಂಬ್ ಸಿಡಿದು 168 ಜನ ಸತ್ತರು. ಬಾಂಬ್ ಇಟ್ಟಿದ್ದ ಬಾಡಿಗೆ ಟ್ರಕ್ಕಿನ ಆಕ್ಸೆಲ್ ಮೇಲಿನ ನಂಬರ್ ಹಿಡಿದು ಎಫ್‌ಬಿಐನವರು ಅದನ್ನು ಬಾಡಿಗೆಗೆ ಕೊಟ್ಟಿದ್ದ, ಕನ್ಸಾಸ್ ರಾಜ್ಯದ ಜಂಕ್ಷನ್ ಸಿಟಿಯ ಒಂದು ಗ್ಯಾರೇಜಿಗೆ ಹೋದರು. ಟ್ರಕ್ ಒಯ್ಯಲು ಇಬ್ಬರು ಬಂದಿದ್ದರು ಅಂತ ಅಲ್ಲಿನವರು ಹೇಳಿದ್ದನ್ನು ಕೇಳಿ ಎರಡು ಸ್ಕೆಚ್ ಬರೆಸಿದರು. ಮೊದಲನೆಯದನ್ನು ಹಿಡಿದು ಊರೆಲ್ಲ ವಿಚಾರಿಸಿದಾಗ ಮೋಟೆಲ್ ನಡೆಸುವ ಮಹಿಳೆಯೊಬ್ಬರು ಗುರುತಿಸಿದರು. ಅವನು ಅಲ್ಲಿ ನಿಜವಾದ ಹೆಸರಲ್ಲೇ ತಂಗಿದ್ದ, ಟಿಮೊಥಿ ಮೆಕ್‌ವೇ. ಹುಡುಕಿದರೆ ಆಗಲೇ ಜೈಲಿನಲ್ಲಿದ್ದ, ಕಾರಿಗೆ ನಂಬರ್ ಪ್ಲೇಟ್ ಇಲ್ಲ ಅಂತ ತಡೆದಿದ್ದ ಪೊಲೀಸರೊಬ್ಬರು ಬಂದೂಕು ಸಿಕ್ಕಿ ಹಿಡಿದಿದ್ದರು. ಇಲ್ಲಿ ಸ್ಕೆಚ್ ದಾರಿ ತೋರಿಸಿತು, ಹೆಸರು ಕೊಟ್ಟದ್ದು ರಿಜಿಸ್ಟರ್.

ಎರಡನೆಯ ಸ್ಕೆಚ್ಚಿನ ಕತೆಯೇ ಬೇರೆ. ಕ್ಯಾಪ್ ಹಾಕಿದ, ಅಗಲ ದವಡೆಯ ಗಟ್ಟಿಮುಟ್ಟಾದ ಯುವಕ. ಅವನನ್ನು ನೋಡಿದೆವು ಅಂತ ದೇಶದ ಮೂಲೆ ಮೂಲೆಯಿಂದ ಕರೆ ಬಂದವು. ಕೊನೆಗೆ ತನಿಖೆಯವರು ಕಂಡುಕೊಂಡದ್ದು ಏನು ಗೊತ್ತಾ? ಆ ಮುಖ, ಮೆಕ್‌ವೇ ಬಂದುಹೋದ ಮರುದಿನ ಅದೇ ಗ್ಯಾರೇಜಿಗೆ ಬಂದಿದ್ದ ಒಬ್ಬ ಸೈನಿಕನದು. ಅವನಿಗೂ ಬಾಂಬಿಗೂ ಸಂಬಂಧವೇ ಇರಲಿಲ್ಲ. ಆ ಮುಖವನ್ನು ವಿವರಿಸಿದ್ದ ಗ್ಯಾರೇಜಿನ ಮೆಕ್ಯಾನಿಕ್ ಸುಳ್ಳು ಹೇಳಿರಲಿಲ್ಲ, ಮುಖವನ್ನು ನಿಜವಾಗಿಯೂ ನೋಡಿದ್ದ. ಅವನ ನೆನಪಿನಲ್ಲಿ ದಿನ ಕಲಸಿಹೋಗಿತ್ತು, ಅಷ್ಟೆ.

ನನ್ನನ್ನು ಕಾಡುವುದು ಇದೇ. ಸ್ಕೆಚ್ ಚೆನ್ನಾಗಿ ಹೋಲಿದರೂ ತಪ್ಪು ಮನುಷ್ಯನದ್ದಾಗಿರಬಹುದು. ಫೋಟೋದ ಮೇಲೆ ದಿನಾಂಕ, ಜಾಗ ಪರಿಶೀಲಿಸಬಹುದು, ನೆನಪಿಗೆ ಅಂಥ ಮೊಹರು ಇರುವುದಿಲ್ಲ. ಅನುಮಾನ ಬಂದರೆ ಠಾಣೆಗೆ ಹೇಳಿ, ಅವನು ಆ ಹೊತ್ತಿಗೆ ಎಲ್ಲಿದ್ದ ಅಂತ ಅವರು ನೋಡಲಿ. ಗುಂಪಿನಲ್ಲಿ ಹೆಸರು ಹಾಕಿದ ಮೂವರಿಗೂ ಇದನ್ನೇ ಫೋನ್ ಮಾಡಿ ಹೇಳಿದೆ. ಇಬ್ಬರು ಅಳಿಸಿದರು. ಇನ್ನೊಬ್ಬರದು ಇನ್ನೂ ಅಲ್ಲೇ ಇದೆ.