ಎಚ್ ಅಂದರೆ ಊರು, ಹತ್ತು ಅಂದರೆ ಫೇಲು

ಹೋದ ವಾರ ಭಾಮೈದ ಮತ್ತೆ ಅದೇ ಫಾರ್ವರ್ಡ್ ಕಳಿಸಿದ. ನೀವೂ ನೋಡಿರುತ್ತೀರಿ. ನಮ್ಮ ಇಂಡಿಯನ್ ಡ್ರೈವಿಂಗ್ ಲೈಸೆನ್ಸ್ ಜೇಬಲ್ಲಿದ್ದರೆ ಯಾವ ಯಾವ ದೇಶದಲ್ಲಿ ಗಾಡಿ ಓಡಿಸಬಹುದು ಅನ್ನುವ ಪಟ್ಟಿ. ಕೆಳಗೊಂದು ಬಾವುಟ, ಹೆಮ್ಮೆಯಿಂದ ಶೇರ್ ಮಾಡಿ ಅನ್ನುವ ಆಜ್ಞೆ. ಪಟ್ಟಿಯಲ್ಲಿ ಜರ್ಮನಿಯೂ ಇದೆ. ‘ಭಾವ, ನೀವು ಸುಮ್ನೆ ಒದ್ದಾಡಿದ್ರಿ’ ಅಂತ ಅವನ ಷರಾ.

ಫಾರ್ವರ್ಡ್ ಪೂರ್ತಿ ಸುಳ್ಳಲ್ಲ. ಬಾಲ ಕತ್ತರಿಸಿದ್ದಾರೆ ಅಷ್ಟೆ. ಜರ್ಮನಿಯಲ್ಲಿ ಮನೆ ಮಾಡಿದ ದಿನದಿಂದ ಆರು ತಿಂಗಳು ನಮ್ಮ ಲೈಸೆನ್ಸ್ ನಡೆಯುತ್ತದೆ. ಆ ಆರು ತಿಂಗಳು ನಾನು ಆಟೋಬಾನ್ ಮೇಲೆ, ವೇಗದ ಮಿತಿಯೇ ಇಲ್ಲದ ಕಡೆಗಳಲ್ಲೂ, ರಾಜನ ಹಾಗೆ ಓಡಾಡಿದೆ. ಯಾರೂ ಏನೂ ಅನ್ನಲಿಲ್ಲ. ಆರು ತಿಂಗಳು ಮುಗಿದ ರಾತ್ರಿ ಹನ್ನೆರಡು ಗಂಟೆಗೆ ನನಗೆ ಡ್ರೈವಿಂಗ್ ಮರೆತುಹೋಯಿತು. ಬೆಳಗ್ಗೆ ಎದ್ದು ಅದೇ ಕಾರು, ಅದೇ ಕೈ, ಅದೇ ಕಾಲು. ಆದರೆ ಈಗ ಕೀ ತಿರುಗಿಸಿದರೆ ಅದು ದಂಡ ಕಟ್ಟಿ ಮನೆಗೆ ಹೋಗುವ ತಪ್ಪಲ್ಲ, ಅಪರಾಧ. ಒಂದು ವರ್ಷದವರೆಗೆ ಜೈಲು ಹಾಕಲೂ ಕಾನೂನಿನಲ್ಲಿ ಜಾಗ ಇದೆ. ಸಿಂಡ್ರೆಲಾಗಾದರೂ ರಥ ಕುಂಬಳಕಾಯಿ ಆಯಿತು. ಇಲ್ಲಿ ಡ್ರೈವರೇ ಕುಂಬಳಕಾಯಿ.

ಸರಿ, ಲೈಸೆನ್ಸ್ ಬದಲಾಯಿಸಿಕೊಳ್ಳೋಣ ಅಂತ ಹೊರಟೆ. ಇದಕ್ಕೆ ಇಲ್ಲಿನವರು ‘ಉಮ್‌ಶ್ರೈಬುಂಗ್’ ಅನ್ನುತ್ತಾರೆ. ಅಂದರೆ ಒಂದು ಕಡೆಯಿಂದ ಇನ್ನೊಂದು ಕಡೆ ಬರೆದುಕೊಳ್ಳುವುದು. ಎಷ್ಟು ಮುದ್ದಾದ ಪದ! ಬ್ಯಾಂಕಿನಲ್ಲಿ ಪಾಸ್‌ಬುಕ್ ತುಂಬಿದ ಮೇಲೆ ಹೊಸದು ಕೊಡುತ್ತಾರಲ್ಲ, ಹಾಗೆ ಅಂದುಕೊಂಡೆ. ಜಪಾನಿನವರಿಗೆ, ದಕ್ಷಿಣ ಕೊರಿಯಾದವರಿಗೆ, ದಕ್ಷಿಣ ಆಫ್ರಿಕಾದವರಿಗೆ, ನಮೀಬಿಯಾದವರಿಗೆ ಅದು ನಿಜಕ್ಕೂ ಹಾಗೇ. ಕಾನೂನಿನ ಕೊನೆಗೆ ಒಂದು ಪಟ್ಟಿ ಅಂಟಿಸಿದ್ದಾರೆ, ಅದರಲ್ಲಿ ಹೆಸರಿದ್ದರೆ ಪರೀಕ್ಷೆ ಇಲ್ಲ. ನಾವು ಎಡಕ್ಕೆ ಓಡಿಸುವವರು, ಅದಕ್ಕೇ ಬಿಟ್ಟಿರಬೇಕು ಅಂತ ಸಮಾಧಾನ ಮಾಡಿಕೊಳ್ಳೋಣ ಅಂದರೆ ಜಪಾನ್, ದಕ್ಷಿಣ ಆಫ್ರಿಕಾ, ನಮೀಬಿಯಾ ಮೂರೂ ಎಡಕ್ಕೇ ಓಡಿಸುತ್ತವೆ. ಭಾರತದ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಭಾಮೈದನ ಪಟ್ಟಿಯಲ್ಲಿ ಮಾತ್ರ ಇದೆ.

ಹಾಗಾಗಿ ನನ್ನಂಥವರಿಗೆ ಸಿಗುವ ರಿಯಾಯಿತಿ ಒಂದೇ. ಕಡ್ಡಾಯ ತರಗತಿಗಳಿಗೆ ಕೂರಬೇಕಿಲ್ಲ. ಉಳಿದದ್ದೆಲ್ಲ ಹದಿನೆಂಟರ ಹುಡುಗನ ಜೊತೆ ಸಮಸಮ. ಕಣ್ಣಿನ ಪರೀಕ್ಷೆ, ನಲವತ್ತೈದು ನಿಮಿಷದ ಒಂಬತ್ತು ಪಾಠಗಳ ಪ್ರಥಮ ಚಿಕಿತ್ಸೆ, ಥಿಯರಿ, ಆಮೇಲೆ ರಸ್ತೆ. ಪ್ರಥಮ ಚಿಕಿತ್ಸೆಯ ಆ ಒಂದು ಶನಿವಾರ ರಬ್ಬರ್ ಗೊಂಬೆಯ ಎದೆ ಒತ್ತುತ್ತಾ ಊರಿನ ಡಾಕ್ಟರನ್ನು ನೆನೆದೆ. ನನ್ನ ಮೆಡಿಕಲ್ ಸರ್ಟಿಫಿಕೇಟಿಗೆ ಅವರು ನನ್ನ ಮುಖ ನೋಡದೆ ಸಹಿ ಹಾಕಿದ್ದರು. ಅಷ್ಟು ನಂಬಿಕೆ ಮನುಷ್ಯರ ಮೇಲೆ.

ಮೊದಲ ಅಡ್ಡಿ ಬಂದದ್ದು ಹೆಸರಿನಿಂದ. ಹಳೇ ಲೈಸೆನ್ಸಿನಲ್ಲಿ ನನ್ನ ಹೆಸರಿನ ಹಿಂದೆ ಎಚ್ ಮತ್ತು ಎಸ್ ಇವೆ. ಪಾಸ್‌ಪೋರ್ಟಿನಲ್ಲಿ ಎರಡನ್ನೂ ಬಿಡಿಸಿ ಬರೆದಿದ್ದಾರೆ. ಅನುವಾದ ಮಾಡುವ ಹೆಂಗಸು ಕೇಳಿದರು, ‘ಈ ಎಚ್ ಏನು?’

‘ಅದು ಊರು.’

‘ನಿಮ್ಮ ಹೆಸರಿನೊಳಗೆ ಊರು ಯಾಕಿದೆ?’

‘ಅಜ್ಜ ಅಲ್ಲಿಯವರು.’

‘ನೀವು?’

‘ನಾನು ಆ ಊರಲ್ಲಿ ಒಟ್ಟು ನಾಲ್ಕು ದಿನ ಇದ್ದಿದ್ದೇನೆ. ಜಾತ್ರೆಗೆ.’

ಎಸ್ ಅಂದರೆ ಅಪ್ಪ ಅಂತ ಹೇಳಿದ ಮೇಲೆ ಅವರು ಪೆನ್ನು ಕೆಳಗಿಟ್ಟರು. ಹಾಗಾದರೆ ನಿಮ್ಮ ಮನೆತನದ ಹೆಸರು ಯಾವುದು? ಇಲ್ಲ ಅಂದೆ. ಇಲ್ಲ ಅನ್ನುವುದಕ್ಕೆ ಫಾರ್ಮಿನಲ್ಲಿ ಜಾಗ ಇರಲಿಲ್ಲ. ಅಲ್ಲಾ, ಈ ದೇಶದಲ್ಲಿ ಹಳೇ ಜಮೀನ್ದಾರರ ಹೆಸರಿನಲ್ಲಿ ‘ಫಾನ್’ ಅಂತ ಒಂದು ತುಂಡು ಬಂದು ಅದಾದ ಮೇಲೆ ಊರಿನ ಹೆಸರು ಬರುತ್ತದೆ. ಅವರದ್ದಾದರೆ ವಂಶ, ನಮ್ಮದಾದರೆ ಸಮಸ್ಯೆ. ನನ್ನನ್ನೂ ಫಾನ್ ಅನ್ನಿ ಅಂತ ಬಾಯಿಗೆ ಬಂದಿತ್ತು, ಫೀಸು ಜಾಸ್ತಿ ಆದೀತೆಂದು ಸುಮ್ಮನಾದೆ. ಕೊನೆಗೆ ಹೊಸ ಲೈಸೆನ್ಸಿನಲ್ಲಿ ಮನೆತನದ ಹೆಸರಿನ ಜಾಗಕ್ಕೆ ಅಪ್ಪ ಬಂದು ಕೂತರು. ಅವರು ಜೀವನದಲ್ಲಿ ಸೈಕಲ್ ಬಿಟ್ಟು ಬೇರೇನೂ ಓಡಿಸಿದವರಲ್ಲ.

ಈಗ ಥಿಯರಿ. ಜರ್ಮನ್ ಬಿಟ್ಟು ಹನ್ನೆರಡು ಭಾಷೆಗಳಲ್ಲಿ ಬರೆಯಬಹುದು. ಟರ್ಕಿಶ್ ಇದೆ, ಕ್ರೊಯೇಷಿಯನ್ ಇದೆ, ಅರೇಬಿಕ್ ಇದೆ. ನಮ್ಮ ಕಡೆಯದ್ದು ಒಂದೂ ಇಲ್ಲ, ಇಂಗ್ಲಿಷೇ ಗತಿ. ಒಟ್ಟು ಸಾವಿರಕ್ಕೂ ಹೆಚ್ಚು ಪ್ರಶ್ನೆಗಳು, ಅದರಲ್ಲಿ ಮೂವತ್ತು ಬರುತ್ತವೆ. ನಮ್ಮಲ್ಲಿ ಎಲ್‌ಎಲ್ ಪರೀಕ್ಷೆಗೆ ನೂರಕ್ಕೆ ಅರವತ್ತು ಸರಿ ಇದ್ದರೆ ಸಾಕು ಅಂತ ನಿಯಮ. ಅಂದರೆ ಹತ್ತು ಬೋರ್ಡುಗಳಲ್ಲಿ ನಾಲ್ಕು ಗೊತ್ತಿಲ್ಲದವನನ್ನೂ ರಸ್ತೆಗೆ ಬಿಡುತ್ತೇವೆ. ಜರ್ಮನರು ಉಲ್ಟಾ ಎಣಿಸುತ್ತಾರೆ. ಇಲ್ಲಿ ಸರಿ ಉತ್ತರಕ್ಕೆ ಅಂಕ ಕೊಡುವುದಿಲ್ಲ, ತಪ್ಪಿಗೆ ಕೊಡುತ್ತಾರೆ. ಒಂದೊಂದು ಪ್ರಶ್ನೆಗೆ ಎರಡರಿಂದ ಐದು ತಪ್ಪಂಕ. ಒಟ್ಟು ಹತ್ತರವರೆಗೆ ಪಾಸು. ಉತ್ತರ ಒಂದೇ ಅಂತಲೂ ಇಲ್ಲ. ಮೂರಕ್ಕೆ ಮೂರೂ ಸರಿ ಇರಬಹುದು, ಎರಡಕ್ಕೆ ಟಿಕ್ ಹಾಕಿ ಒಂದು ಬಿಟ್ಟರೆ ಪೂರ್ತಿ ತಪ್ಪು. ಬಿಟ್ಟ ಒಂದಕ್ಕೆ ಮಾತ್ರ ಕಡಿಮೆ ಮಾಡಿ ಅಂತ ಚೌಕಾಸಿ ಮಾಡೋಣ ಅಂದರೆ ಎದುರಿಗಿರುವುದು ಕಂಪ್ಯೂಟರು.

ಕೆಲವು ಪ್ರಶ್ನೆಗಳು ವಿಡಿಯೋ. ಐದು ಸಲ ನೋಡಬಹುದು. ಆಮೇಲೆ ಪ್ರಶ್ನೆ ತೆರೆದರೆ ಮತ್ತೆ ಹಿಂದಕ್ಕೆ ಹೋಗುವ ಹಾಗಿಲ್ಲ. ನನಗೆ ಬಂದದ್ದರಲ್ಲಿ ಒಂದು ನಿದ್ದೆ ಬರಿಸುವ ಓಣಿ. ಎರಡೂ ಕಡೆ ಮನೆ, ಬೇಲಿ, ನಿಂತ ಕಾರುಗಳು. ಹಸು ಇಲ್ಲ, ನಾಯಿ ಇಲ್ಲ, ರಾಂಗ್ ಸೈಡಿನಲ್ಲಿ ಬರುವ ಟ್ರ್ಯಾಕ್ಟರ್ ಇಲ್ಲ. ಇಪ್ಪತ್ತು ವರ್ಷ ನಮ್ಮ ರಸ್ತೆಗಳಲ್ಲಿ ಓಡಿಸಿದವನಿಗೆ ಇಲ್ಲಿ ಅಪಾಯ ಕಾಣಬೇಕಾದರೆ ಹೊಸ ಕಣ್ಣೇ ಬೇಕು. ಐದು ಸಲ ನೋಡಿದೆ. ಏನೂ ಆಗಲಿಲ್ಲ. ಕೊನೆಗೆ ಚಿತ್ರ ನಿಂತಾಗ ಬಲಗಡೆಯ ಸಂದಿಯಿಂದ ಒಬ್ಬ ಸೈಕಲ್ಲಿನವನು ಮೂತಿ ತೋರಿಸಿದ್ದ. ಹೇಗೆ ನಡೆದುಕೊಳ್ಳುತ್ತೀರಿ ಅಂತ ಪ್ರಶ್ನೆ. ಅವನು ಸೈಕಲ್ಲು, ಸಂದಿಯಿಂದ ಬರುತ್ತಿದ್ದಾನೆ. ನಾನು ಕಾರು, ದೊಡ್ಡ ರಸ್ತೆ. ನಾನೇ ಮೊದಲು ಅಂತ ಟಿಕ್ ಹಾಕಿದೆ.

ತಪ್ಪು. ಬೋರ್ಡೂ ಸಿಗ್ನಲ್ಲೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬಂದವರೇ ಮೊದಲು. ರಸ್ತೆ ಅಗಲ ಎಷ್ಟು, ಗಾಡಿ ದೊಡ್ಡದೋ ಚಿಕ್ಕದೋ ಅನ್ನುವುದು ಲೆಕ್ಕಕ್ಕಿಲ್ಲ. ಐದು ತಪ್ಪಂಕ. ಇನ್ನೊಂದು ಜೀಬ್ರಾ ಕ್ರಾಸಿಂಗ್ ಹತ್ತಿರ ಹೋಗುವಾಗ ಏನು ಮಾಡಬೇಕು ಅಂತ. ನಿಧಾನ ಮಾಡಬೇಕು, ನಿಲ್ಲಲು ತಯಾರಿರಬೇಕು ಅಂತ ಎರಡು ಟಿಕ್ ಹಾಕಿದೆ. ಅಲ್ಲಿ ಓವರ್‌ಟೇಕ್ ಮಾಡಬಾರದು ಅನ್ನುವ ಮೂರನೆಯದೂ ಸರಿ ಇತ್ತು. ಇನ್ನೊಂದು ಐದು. ಉಳಿದ ಇಪ್ಪತ್ತೆಂಟೂ ಸರಿ.

ಹತ್ತು ಅಂದರೆ ಪಾಸ್ ಅಲ್ವಾ ಅಂತ ಎದ್ದು ನಿಂತೆ. ಅಲ್ಲವಂತೆ. ಹತ್ತು ಬೇರೆ ರೀತಿ ಬಂದಿದ್ದರೆ ಪಾಸು, ಐದರ ತಪ್ಪು ಎರಡಾದರೆ ಹತ್ತೇ ಆದರೂ ಫೇಲು. ನಾಲ್ಕು, ಮೂರು, ಮೂರು ಅಂತ ಮೂರು ತಪ್ಪು ಮಾಡಿದವನು ಪಕ್ಕದಲ್ಲೇ ನಗುತ್ತಾ ಹೊರಗೆ ಹೋದ. ನಾನು ಎರಡೇ ತಪ್ಪು ಮಾಡಿದವನು, ಇನ್ನೆರಡು ವಾರ ಬಿಟ್ಟು ಬರಬೇಕು. ಮನೆಯಲ್ಲಿ ಇದನ್ನು ವಿವರಿಸಿದಾಗ ಹೆಂಡತಿ ಕೇಳಿದಳು, ‘ರೀ, ಅಷ್ಟಕ್ಕೂ ಆ ಸೈಕಲ್ಲಿನವನು ಬದುಕಿದನಾ?’

ಆ ಎರಡು ವಾರ ನಾನು ಬಲಗಡೆಯ ಈ ನಿಯಮವನ್ನು ಬೈದುಕೊಂಡೇ ಓಡಾಡಿದೆ. ಎಂಥ ಹುಚ್ಚು, ಇವರಿಗೆ ಮಾಡಲು ಕೆಲಸವಿಲ್ಲ, ನಮ್ಮ ದೇಶದಲ್ಲಿ ಇಂಥದ್ದೆಲ್ಲ ಇಲ್ಲಪ್ಪ ಅಂತ. ಹಟಕ್ಕೆ ಬಿದ್ದು ನಮ್ಮ ನಿಯಮ ಹುಡುಕಿದೆ. 2017ರವರೆಗೆ ಜಾರಿಯಲ್ಲಿದ್ದ ಭಾರತದ 1989ರ ರಸ್ತೆ ನಿಯಮಗಳು, ಒಂಬತ್ತನೆಯದು. ಕೂಡುರಸ್ತೆಗೆ ಬರುವಾಗ ಸೇರುತ್ತಿರುವುದು ಮುಖ್ಯರಸ್ತೆಯಾದರೆ ಅಲ್ಲಿ ಹೋಗುತ್ತಿರುವವರಿಗೆ ದಾರಿ ಬಿಡಬೇಕು. ಬೇರೆಲ್ಲ ಕಡೆ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು.

ಅದೇ ಬಲ. ನನ್ನ ಊರಿನದೇ ನಿಯಮ. ನಾನು ಲೈಸೆನ್ಸ್ ಮಾಡಿಸುವ ಕಾಲಕ್ಕೂ ಅದೇ ಜಾರಿಯಲ್ಲಿತ್ತು. ಮಾಡಿಸುವಾಗ ಅಂತ ಬೇಕೆಂದೇ ಬರೆದೆ, ಲೈಸೆನ್ಸನ್ನು ನಮ್ಮಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ, ಮಾಡಿಸುತ್ತೇವೆ. ಡ್ರೈವಿಂಗ್ ಸ್ಕೂಲಿನವನು ಪ್ಯಾಕೇಜ್ ಹೇಳಿದ. ಅದರಲ್ಲಿ ಎಲ್‌ಎಲ್, ಡಿಎಲ್, ‘ಒಳಗಿನ ಖರ್ಚು’ ಎಲ್ಲ ಸೇರಿತ್ತು. ಪರೀಕ್ಷೆಯ ದಿನ ಮೈದಾನದಲ್ಲಿ ಮೂವತ್ತು ಜನ ಸಾಲಾಗಿ ನಿಂತಿದ್ದೆವು. ಒಬ್ಬೊಬ್ಬರು ಇನ್ನೂರಡಿ ಓಡಿಸಿ ಇಳಿದೆವು. ಕ್ಲಚ್ಚು ಬ್ರೇಕು ಎರಡರ ಮೇಲೂ ಸ್ಕೂಲಿನವನದೇ ಕಾಲು. ಸಾಹೇಬರು ಕುರ್ಚಿಯಿಂದ ಏಳಲಿಲ್ಲ. ನಾನು ಹಿಡಿದದ್ದು ಸ್ಟಿಯರಿಂಗ್ ಒಂದೇ, ಅದೂ ನೇರ ಇತ್ತು. ಬಲಗಡೆಯಿಂದ ಯಾರು ಬರುತ್ತಾರೆ ಅಂತ ನನ್ನನ್ನು ಆವತ್ತೂ ಕೇಳಲಿಲ್ಲ, ಮುಂದಿನ ಇಪ್ಪತ್ತು ವರ್ಷವೂ ಯಾರೂ ಕೇಳಲಿಲ್ಲ.

ತಮಾಷೆ ಮಾಡಲು ಕೂತವನಿಗೆ ಇಲ್ಲಿ ಕೈ ಓಡುತ್ತಿಲ್ಲ. 2022ರಲ್ಲಿ ನಮ್ಮ ರಸ್ತೆಗಳಲ್ಲಿ ಸತ್ತವರು 1,68,491. ಕೇಂದ್ರ ಸರ್ಕಾರದ್ದೇ ಲೆಕ್ಕ. ಜರ್ಮನಿಯಲ್ಲಿ ಅದೇ ವರ್ಷ ಸುಮಾರು 2,800. ನಮ್ಮ ಜನಸಂಖ್ಯೆ ಇವರಿಗಿಂತ ಹದಿನೇಳು ಪಟ್ಟು ಇರಬಹುದು, ಸಾವು ಅರವತ್ತು ಪಟ್ಟು. ನನ್ನ ಜೊತೆ ಓದಿದ ಒಬ್ಬ ಹೀಗೇ ಒಂದು ಕೂಡುರಸ್ತೆಯಲ್ಲಿ ಹೋದ, ಬೈಕಿನ ಮೇಲೆ, ಬಲಗಡೆಯಿಂದ ಬರುತ್ತಿದ್ದ. ಟೆಂಪೊದವನ ಹತ್ತಿರ ಲೈಸೆನ್ಸ್ ಇತ್ತು. ಇರದೇ ಏನು, ನನ್ನ ಹತ್ತಿರವೂ ಇತ್ತಲ್ಲ. ಪುಸ್ತಕದಲ್ಲಿ ಬರೆದಿಟ್ಟದ್ದನ್ನು ಒಂದೇ ಒಂದು ಸಲ, ಮುಖ ನೋಡಿ, ಕುರ್ಚಿಯಿಂದ ಎದ್ದು ಬಂದು ಕೇಳಿದ್ದರೆ ಏನಾಗುತ್ತಿತ್ತು ಸ್ವಾಮಿ? ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ ಅಂತ ಜರ್ಮನರ ಮೇಲೆ ಸಿಟ್ಟಾಗಲು ನನಗೆ ಆಮೇಲೆ ಬಾಯಿ ಬರಲಿಲ್ಲ.

ಹೋಗಲಿ. ಎರಡನೇ ಸಲ ಥಿಯರಿ ಪಾಸಾದೆ. ನಂಬರ್ ಟೈಪ್ ಮಾಡುವ ಪ್ರಶ್ನೆಯೊಂದು ಬಂತು. ಗಂಟೆಗೆ ನೂರು ಕಿಲೋಮೀಟರಿನಲ್ಲಿ ಹೋಗುವವನು ಮಾಮೂಲಿ ಬ್ರೇಕ್ ಹಾಕಿ ನಿಲ್ಲಲು ಎಷ್ಟು ದೂರ ಬೇಕು? ವೇಗವನ್ನು ಹತ್ತರಿಂದ ಭಾಗಿಸಿ ಮೂರರಿಂದ ಗುಣಿಸಿದರೆ ಎಚ್ಚೆತ್ತುಕೊಳ್ಳುವಷ್ಟರಲ್ಲಿ ಹೋಗುವ ದೂರ, ಮೂವತ್ತು ಮೀಟರ್. ಹತ್ತರಿಂದ ಭಾಗಿಸಿ ಅದನ್ನೇ ಅದರಿಂದ ಗುಣಿಸಿದರೆ ಬ್ರೇಕಿನ ದೂರ, ನೂರು ಮೀಟರ್. ಒಟ್ಟು ನೂರ ಮೂವತ್ತು. ಊರಲ್ಲಿ ಮುಂದೆ ಅಷ್ಟು ಜಾಗ ಬಿಟ್ಟರೆ ಅದರಲ್ಲಿ ಮೂರು ಬೈಕು, ಒಂದು ಆಟೋ, ಎಳನೀರಿನ ಗಾಡಿ ಬಂದು ಸಂಸಾರ ಹೂಡುತ್ತವೆ. ರಸ್ತೆ ಪರೀಕ್ಷೆ ಐವತ್ತೈದು ನಿಮಿಷದ್ದು. ಪರೀಕ್ಷಕರು ಹಿಂದಿನ ಸೀಟಲ್ಲಿ ಕೂತು ನಾನು ಭುಜದ ಮೇಲಿಂದ ಹಿಂದೆ ತಿರುಗಿ ನೋಡುತ್ತೇನಾ ಅಂತ ನೋಡುತ್ತಿದ್ದರು. ನಾನು ಎಷ್ಟು ಸಲ ತಿರುಗಿದೆನೆಂದರೆ ಮರುದಿನ ಕತ್ತು ಹಿಡಿದುಕೊಂಡಿತ್ತು.

ಹೊಸ ಲೈಸೆನ್ಸ್ ಕೈಗೆ ಬರಬೇಕಾದರೆ ಹಳೇದನ್ನು ಒಪ್ಪಿಸಬೇಕು. ಕೌಂಟರಿನಲ್ಲಿ ಕೊಟ್ಟೆ. ಆಕೆ ಅದನ್ನು ಒಂದು ಕವರಿಗೆ ಹಾಕಿ, ಮುಚ್ಚಿ, ಕಪಾಟಿನಲ್ಲಿಟ್ಟರು. ಮದುವೆ ಮಾಡಿ ಮಗಳನ್ನು ಕಳಿಸಿದಷ್ಟು ದುಃಖ. ಈಗ ಊರಿಗೆ ಹೋದರೆ ನನ್ನ ಓಣಿಯಲ್ಲಿ ನಾನು ಕಾರು ಓಡಿಸಲು ಜರ್ಮನಿಯಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಹೋಗಬೇಕಲ್ಲ ಅಂತ ಭಾಮೈದನ ಹತ್ತಿರ ಗೋಳು ತೋಡಿಕೊಂಡೆ.

ಅವನು ಒಂದು ನಿಮಿಷ ಸುಮ್ಮನಿದ್ದ. ಆಮೇಲೆ ಹೇಳಿದ, ‘ಭಾವ, ನಿಮ್ಮ ಫೋನಲ್ಲಿ ಡಿಜಿಲಾಕರ್ ತೆಗೀರಿ.’

ತೆಗೆದೆ. ಇದೆ. ಅದೇ ಫೋಟೊ, ಅದೇ ಎಚ್, ಅದೇ ಎಸ್. ಕವರಿನಲ್ಲಿ ಮುಚ್ಚಿ ಕಪಾಟಿಗೆ ಸೇರಿದ ಲೈಸೆನ್ಸು ಇಲ್ಲಿ ಹಲ್ಲುಕಿರಿಯುತ್ತಾ ಕೂತಿದೆ.